ಸಾಲ-ಇಕ್ವಿಟಿ 0.7 ಇರುವ ಕಂಪನಿ, 1.8 ಇರುವ ಕಂಪನಿ: ಯಾವುದರ ಸಾಲ ಹೆಚ್ಚು ಅಪಾಯದ್ದು?

ನವೀನ್

ಎರಡು ಕಂಪನಿಗಳ ವಾರ್ಷಿಕ ವರದಿ ಓದುತ್ತಿದ್ದೇನೆ. ಹೆಸರು ಬೇಡ, ಒಂದು 'ಕ', ಇನ್ನೊಂದು 'ಗ' ಅಂತ ಇಟ್ಟುಕೊಳ್ಳೋಣ. ಎರಡರ ಮಾರಾಟವೂ ವರ್ಷಕ್ಕೆ 1000 ಕೋಟಿ. ಎರಡೂ ಸರಕು ತಯಾರಿಸುವ ಕಂಪನಿಗಳೇ.

'ಕ' ಕಂಪನಿಗೆ ಸಾಲ 350 ಕೋಟಿ, ಷೇರುದಾರರ ನಿಧಿ 500 ಕೋಟಿ. ಅಂದರೆ ಸಾಲ-ಇಕ್ವಿಟಿ ಅನುಪಾತ 0.7. ಷೇರು ಮಾಹಿತಿಯ ಜಾಲತಾಣದಲ್ಲಿ ಅದರ ಬಡ್ಡಿ ಕವರೇಜ್, ಅಂದರೆ ಲಾಭ ವರ್ಷದ ಬಡ್ಡಿಯ ಎಷ್ಟು ಪಟ್ಟು ಎಂಬುದು, 3.4 ಎಂದಿದೆ. 'ಗ' ಕಂಪನಿಗೆ ಸಾಲ 360 ಕೋಟಿ, ನಿಧಿ ಬರೀ 200 ಕೋಟಿ, ಅನುಪಾತ 1.8. ಆದರೆ ಅದರ ಕವರೇಜ್ 6.

ಒಂದು ಅನುಪಾತದ ಪ್ರಕಾರ 'ಕ' ಗಟ್ಟಿ, ಇನ್ನೊಂದರ ಪ್ರಕಾರ 'ಗ' ಗಟ್ಟಿ. ಯಾವುದನ್ನು ನಂಬಬೇಕು?

ಶ್ರೀಧರ್

ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಸಾಲ-ಇಕ್ವಿಟಿ 1ಕ್ಕಿಂತ ಕಡಿಮೆ ಇದ್ದರೆ ಸುರಕ್ಷಿತ, 2 ದಾಟಿದರೆ ಅಪಾಯ. ಕವರೇಜ್ 3ಕ್ಕಿಂತ ಮೇಲಿದ್ದರೆ ಸಾಕು. 'ಕ' ಎರಡರಲ್ಲೂ ಪಾಸ್. 'ಗ' ಮೊದಲನೆಯದರಲ್ಲಿ ಅಂಚಿನಲ್ಲಿದೆ. ನಾನಾದರೆ 'ಕ' ಆರಿಸುತ್ತೇನೆ.

ಕ್ರೆಡಿಟ್‌ಡೆಸ್ಕ್

ನವೀನ್, ಯಾವುದನ್ನು ನಂಬಬೇಕು ಎಂದು ತೀರ್ಮಾನಿಸುವ ಮೊದಲು ಎರಡೂ ಒಂದಕ್ಕೊಂದು ತಾಳೆಯಾಗುತ್ತವೆಯೇ ನೋಡಿ. ಸಾಲ-ಇಕ್ವಿಟಿ ಎನ್ನುವುದು ಹಣಕಾಸು ವರ್ಷದ ಕೊನೆಯ ಒಂದೇ ಒಂದು ದಿನದ ಲೆಕ್ಕ. ಬಡ್ಡಿ ಕವರೇಜ್ ಹನ್ನೆರಡು ತಿಂಗಳ ಲೆಕ್ಕ. ಎರಡನ್ನೂ ಜೋಡಿಸುವ ಕೊಂಡಿ ಬಡ್ಡಿ ದರ. ಲಾಭ-ನಷ್ಟ ಪಟ್ಟಿಯಲ್ಲಿರುವ ಬಡ್ಡಿಯನ್ನು ಸರಾಸರಿ ಸಾಲದಿಂದ ಭಾಗಿಸಿ, ಬಂದ ಶೇಕಡಾವಾರನ್ನು ಸಾಲದ ಟಿಪ್ಪಣಿಯಲ್ಲಿ ಬರೆದಿರುವ ದರದ ಪಕ್ಕದಲ್ಲಿಡಿ.

```
ಲೆಕ್ಕಕ್ಕೆ ಬರುವ ದರ = ವರ್ಷದ ಬಡ್ಡಿ ÷ ((ಆರಂಭದ ಸಾಲ + ಕೊನೆಯ ಸಾಲ) ÷ 2)
```

ಬಂದ ದರ ಟಿಪ್ಪಣಿಯ ದರಕ್ಕಿಂತ ತುಂಬಾ ಕಡಿಮೆಯಿದ್ದರೆ, ಬಡ್ಡಿಯ ಒಂದು ಭಾಗ ಲಾಭ-ನಷ್ಟ ಪಟ್ಟಿಗೆ ಬರದೆ ಬೇರೆಲ್ಲೋ ಹೋಗಿದೆ ಎಂದರ್ಥ. ಆಗ ಕವರೇಜ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿರುತ್ತದೆ. ತುಂಬಾ ಹೆಚ್ಚಿದ್ದರೆ ವರ್ಷದ ನಡುವೆ ಸಾಲ ಜಾಸ್ತಿ ಇತ್ತು, ಕೊನೆಯ ವಾರಗಳಲ್ಲಿ ತೀರಿಸಿ ಬ್ಯಾಲೆನ್ಸ್ ಶೀಟನ್ನು ಚೊಕ್ಕ ಮಾಡಿದ್ದಾರೆ ಎಂಬ ಅನುಮಾನ ಬರಬೇಕು. ಆಗ ಸಾಲ-ಇಕ್ವಿಟಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತಿರುತ್ತದೆ. ಎರಡೂ ಕಂಪನಿಗಳಿಗೆ ಇದನ್ನು ಮಾಡಿ ನೋಡಿ.

ನವೀನ್

ಮಾಡಿದೆ ಸರ್. 'ಕ' ಕಂಪನಿಯ ಸಾಲ ಹಿಂದಿನ ವರ್ಷವೂ ಹೆಚ್ಚುಕಡಿಮೆ ಇಷ್ಟೇ, 350ರ ಆಸುಪಾಸು. ಬಡ್ಡಿ 25 ಕೋಟಿ. ದರ 7.1% ಬರುತ್ತದೆ. ಆದರೆ ಟಿಪ್ಪಣಿಯಲ್ಲಿ ಅವಧಿ ಸಾಲಗಳ ದರ 9.75%ರಿಂದ 10.25% ಎಂದು ಬರೆದಿದ್ದಾರೆ.

'ಗ' ಕಂಪನಿಯ ಸಾಲ ಹಿಂದಿನ ವರ್ಷದ ಕೊನೆಗೆ 210, ಈ ವರ್ಷ 360. ಬಡ್ಡಿ 30 ಕೋಟಿ. ಸರಾಸರಿ 285ರ ಮೇಲೆ 10.5% ಬರುತ್ತಿದೆ, ಟಿಪ್ಪಣಿಯ ದರ 8.5%ರಿಂದ 9%. ಹಾಗಾದರೆ ಒಂದರಲ್ಲಿ ಬಡ್ಡಿ ಮರೆಯಾಗಿದೆ, ಇನ್ನೊಂದರಲ್ಲಿ ಸಾಲ ಮರೆಯಾಗಿದೆ ಅಂತಲೇ?

ಕ್ರೆಡಿಟ್‌ಡೆಸ್ಕ್

'ಗ' ಬಗ್ಗೆ ಆತುರ ಬೇಡ. 150 ಕೋಟಿ ಸಾಲ ಒಮ್ಮೆಗೇ ಏರಿದೆ. ಅದು ಯಾವ ತಿಂಗಳಲ್ಲಿ ಬಂತು? ವರ್ಷದ ಆರಂಭದಲ್ಲೇ ಬಂದಿದ್ದರೆ ಆರಂಭ ಮತ್ತು ಕೊನೆಯ ಸರಾಸರಿ ಸುಳ್ಳು ಹೇಳುತ್ತದೆ. ಹಣದ ಹರಿವಿನ ಪಟ್ಟಿಯಲ್ಲಿ ಆ 150 ಎಲ್ಲಿಗೆ ಹೋಯಿತು ಅಂತಲೂ ನೋಡಿ.

ನವೀನ್

ಷೇರು ಬೈಬ್ಯಾಕ್‌ಗೆ, ಅಂದರೆ ಕಂಪನಿ ತನ್ನದೇ ಷೇರುಗಳನ್ನು ವಾಪಸ್ ಕೊಳ್ಳಲು ಹೋಗಿದೆ. ವರ್ಷದ ಎರಡನೇ ತಿಂಗಳಲ್ಲೇ ಮುಗಿದಿದೆ. ಹಾಗಾಗಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಸಾಲ 360ರಲ್ಲೇ ಇತ್ತು. ತಿಂಗಳವಾರು ಸರಾಸರಿ ಸುಮಾರು 345 ಹಿಡಿದರೆ ದರ 8.7%. ಟಿಪ್ಪಣಿಗೆ ಸರಿಹೊಂದುತ್ತದೆ.

ವಸುಧಾ

'ಕ' ಕಂಪನಿಯ ಮರೆಯಾದ ಬಡ್ಡಿ ಎಲ್ಲಿದೆ ಎಂದು ಸುಲಭವಾಗಿ ಸಿಗುತ್ತದೆ. ಅವರು ಹೊಸ ಘಟಕ ಕಟ್ಟುತ್ತಿದ್ದಾರೆಯೇ? ಕಟ್ಟುತ್ತಿದ್ದರೆ ಸ್ಥಿರಾಸ್ತಿಯ ಟಿಪ್ಪಣಿಯಲ್ಲಿ, ನಿರ್ಮಾಣ ಹಂತದಲ್ಲಿರುವ ಕಾಮಗಾರಿಯ ಕೆಳಗೆ, 'ಆಸ್ತಿಯ ವೆಚ್ಚಕ್ಕೆ ಸೇರಿಸಿದ ಸಾಲದ ವೆಚ್ಚ' ಎಂಬ ಅರ್ಥದ ಒಂದು ಸಾಲು ಇರುತ್ತದೆ. ಐಎಎಸ್ 23 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡದ ಪ್ರಕಾರ, ಸಿದ್ಧವಾಗಲು ದೀರ್ಘ ಕಾಲ ಹಿಡಿಯುವ ಆಸ್ತಿಗಾಗಿ ಮಾಡಿದ ಸಾಲದ ಬಡ್ಡಿಯನ್ನು ಆ ಆಸ್ತಿಯ ಬೆಲೆಗೇ ಸೇರಿಸಬೇಕು. ಇದು ಕಳ್ಳಾಟವಲ್ಲ, ನಿಯಮವೇ ಹಾಗಿದೆ. ಆದರೆ ಬ್ಯಾಂಕಿಗೆ ಬಡ್ಡಿ ಕಟ್ಟುವ ದಿನ ಆ ದುಡ್ಡೂ ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಹಣದ ಹರಿವಿನ ಪಟ್ಟಿಯಲ್ಲಿ 'ಪಾವತಿಸಿದ ಬಡ್ಡಿ' ಎಷ್ಟಿದೆ ನೋಡಿ. ಲಾಭ-ನಷ್ಟ ಪಟ್ಟಿಯ ಬಡ್ಡಿಗಿಂತ ಹೆಚ್ಚಿದ್ದರೆ ಅನುಮಾನ ನಿಜ. ಕೆಲವು ಕಂಪನಿಗಳು ಆಸ್ತಿಗೆ ಸೇರಿಸಿದ ಬಡ್ಡಿಯನ್ನು ಬಂಡವಾಳ ವೆಚ್ಚದ ಜೊತೆಗೇ ತೋರಿಸುತ್ತವೆ, ಆಗ ಈ ದಾರಿಯಲ್ಲಿ ಸಿಗುವುದಿಲ್ಲ. ಸ್ಥಿರಾಸ್ತಿಯ ಟಿಪ್ಪಣಿಯೇ ಗತಿ.

ಇನ್ನು, 25 ಕೋಟಿ ಬಡ್ಡಿಗೆ ಕವರೇಜ್ 3.4 ಬರಬೇಕಾದರೆ ಬಡ್ಡಿಯಿಂದ ಭಾಗಿಸುವ ಲಾಭ ಸುಮಾರು 84 ಕೋಟಿ ಇರಬೇಕು. ನಿಮ್ಮ ವರದಿಯಲ್ಲಿ ಕಾರ್ಯಾಚರಣೆಯ ಲಾಭ ಅಷ್ಟಿದೆಯೇ?

ನವೀನ್

ಇಲ್ಲ ಮೇಡಂ. ಸವಕಳಿ ಕಳೆದ ಮೇಲಿನ ಕಾರ್ಯಾಚರಣೆಯ ಲಾಭ 70 ಕೋಟಿ. 'ಇತರ ಆದಾಯ' 14 ಕೋಟಿ ಇದೆ, ಜಾಲತಾಣದವರು ಅದನ್ನೂ ಕೂಡಿಸಿದ್ದಾರೆ. ಟಿಪ್ಪಣಿ ತೆಗೆದು ನೋಡಿದರೆ ಆ 14ರಲ್ಲಿ 10 ಕೋಟಿ ಹಳೆಯ ಜಮೀನು ಮಾರಿದ ಲಾಭ.

ಹೊಸ ಘಟಕವೂ ಇದೆ. ಸ್ಥಿರಾಸ್ತಿ ಟಿಪ್ಪಣಿಯಲ್ಲಿ ಈ ವರ್ಷ ಸೇರಿಸಿದ ಬಡ್ಡಿ 10 ಕೋಟಿ ಎಂದು ಬರೆದಿದ್ದಾರೆ. ಹಣದ ಹರಿವಿನಲ್ಲಿ ಪಾವತಿಸಿದ ಬಡ್ಡಿ 35 ಕೋಟಿ.

ವಸುಧಾ

ಸರಿಯಾಗಿ ಕೂತಿತು. 35ನ್ನು 350ರಿಂದ ಭಾಗಿಸಿದರೆ 10%, ಟಿಪ್ಪಣಿಯ ದರವೇ ಬಂತು. ಈಗ ಕವರೇಜ್ ಹೇಗೆ ಇಳಿಯುತ್ತದೆ ನೋಡಿ. ಜಾಲತಾಣದ ಲೆಕ್ಕ 3.4. ಇತರ ಆದಾಯ ಬಿಟ್ಟರೆ 70 ಭಾಗಿಸು 25, ಅಂದರೆ 2.8. ನಿಜವಾಗಿ ಕಟ್ಟಿದ ಬಡ್ಡಿಯಿಂದ ಭಾಗಿಸಿದರೆ 70 ಭಾಗಿಸು 35, ಬರೀ 2.

ಮುಂದಿನದು ಇದಕ್ಕಿಂತ ಮುಖ್ಯ. ಘಟಕ ಸಿದ್ಧವಾದ ದಿನದಿಂದ ಬಡ್ಡಿಯನ್ನು ಆಸ್ತಿಗೆ ಸೇರಿಸುವಂತಿಲ್ಲ. ಪೂರ್ತಿ 35 ಕೋಟಿ ಲಾಭ-ನಷ್ಟ ಪಟ್ಟಿಗೆ ಬರುತ್ತದೆ. ಅದೇ ದಿನದಿಂದ ಹೊಸ ಘಟಕದ ಸವಕಳಿಯೂ ಶುರು. ಅದನ್ನು ವರ್ಷಕ್ಕೆ 15 ಕೋಟಿ ಎಂದು ಹಿಡಿಯೋಣ. ಹೊಸ ಮಾರಾಟ ಕೈಗೆ ಬರುವ ತನಕ ಕಾರ್ಯಾಚರಣೆಯ ಲಾಭ 55ಕ್ಕೆ ಇಳಿಯುತ್ತದೆ, ಕವರೇಜ್ ಸುಮಾರು 1.6. ಸಾಲ ಒಂದು ಪೈಸೆಯೂ ಹೆಚ್ಚಾಗದೆ, ವ್ಯಾಪಾರ ಸ್ವಲ್ಪವೂ ಕೆಡದೆ, ಜಾಲತಾಣದಲ್ಲಿ 3.4 ಇದ್ದದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆಗ ಎಲ್ಲರೂ ಗಾಬರಿಯಾಗುತ್ತಾರೆ. ಹೊರೆ ಮಾತ್ರ ಮೊದಲಿಂದಲೂ ಅಲ್ಲೇ ಇತ್ತು.

ರಫೀಕ್

ನನ್ನ ಹತ್ತಿರ ಒಂದು ಬ್ಯಾಂಕಿನ ಷೇರು ಇದೆ. ಅದರ ಸಾಲ-ಇಕ್ವಿಟಿ 9 ತೋರಿಸುತ್ತಿದೆ, ಬಡ್ಡಿ ಕವರೇಜ್ 1.4. ಇಲ್ಲಿ 2 ದಾಟಿದರೆ ಅಪಾಯ ಅಂತಿದ್ದೀರಿ. ಮಾರಿಬಿಡಲೇ?

ಕ್ರೆಡಿಟ್‌ಡೆಸ್ಕ್

ರಫೀಕ್ ಅವರೇ, ಬ್ಯಾಂಕಿಗೆ ಈ ಎರಡೂ ಅನುಪಾತ ಹಚ್ಚಬೇಡಿ. ಬ್ಯಾಂಕಿಗೆ ಠೇವಣಿಯೂ ಸಾಲವೇ, ಅದಕ್ಕೆ ಕೊಡುವ ಬಡ್ಡಿ ಕಾರ್ಖಾನೆಗೆ ಕಚ್ಚಾ ಸಾಮಗ್ರಿಯ ಖರ್ಚು ಇದ್ದ ಹಾಗೆ. ಅಲ್ಲಿ ನೋಡಬೇಕಾದದ್ದು ಬಂಡವಾಳ ಪರ್ಯಾಪ್ತತೆ, ಅಂದರೆ ಕೊಟ್ಟ ಸಾಲಗಳ ಅಪಾಯಕ್ಕೆ ತಕ್ಕಷ್ಟು ಸ್ವಂತ ಬಂಡವಾಳ ಇದೆಯೇ ಎಂಬುದು, ವಸೂಲಾಗದ ಸಾಲದ ಪ್ರಮಾಣ ಮತ್ತು ಠೇವಣಿಗಳು ಎಷ್ಟು ಬೇಗ ಹೊರಗೆ ಹೋಗಬಲ್ಲವು ಎಂಬುದು. ಆ 9ನ್ನು ನೋಡಿ ಮಾರುವುದೂ ಬೇಡ, ಇಟ್ಟುಕೊಳ್ಳುವುದೂ ಬೇಡ.

ಶ್ರೀಧರ್

ನೀವೆಲ್ಲ ಸವಕಳಿ ಕಳೆದು ಲೆಕ್ಕ ಹಾಕುತ್ತಿದ್ದೀರಿ. ಸವಕಳಿ ನಗದು ಖರ್ಚಲ್ಲ. ಬ್ಯಾಂಕಿಗೆ ಬಡ್ಡಿ ಕಟ್ಟುವುದು ನಗದಿನಿಂದ. 'ಕ' ಕಂಪನಿಯ ಸವಕಳಿ ಎಷ್ಟು ನವೀನ್? ಅದನ್ನು ಕೂಡಿಸಿ ಎಬಿಟ್ಡಾ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭದ ಲೆಕ್ಕದಲ್ಲಿ ನೋಡಿದರೆ ಇಷ್ಟು ಭಯ ಬೀಳುವ ಹಾಗೆ ಇರುವುದಿಲ್ಲ.

ನವೀನ್

ಸವಕಳಿ 60 ಕೋಟಿ. 130 ಭಾಗಿಸು 35, ಅಂದರೆ 3.7.

ಕ್ರೆಡಿಟ್‌ಡೆಸ್ಕ್

ಶ್ರೀಧರ್ ಹೇಳಿದ್ದರಲ್ಲಿ ಅರ್ಧ ಸರಿ. ಒಂದೆರಡು ತ್ರೈಮಾಸಿಕ ಹೇಗೋ ದಾಟಿಸಬೇಕಾದರೆ ಯಂತ್ರ ಬದಲಾಯಿಸುವುದನ್ನು ಮುಂದೂಡಿ ಬಡ್ಡಿ ಕಟ್ಟಬಹುದು, ಆಗ ಎಬಿಟ್ಡಾ ಕವರೇಜ್‌ಗೆ ಅರ್ಥವಿದೆ. ಆದರೆ ಕಾರ್ಖಾನೆ ನಡೆಯುತ್ತಲೇ ಇರಬೇಕಾದರೆ ಸವೆದದ್ದನ್ನು ಬದಲಾಯಿಸಲೇಬೇಕು. ಹೊಸ ಘಟಕದ ಖರ್ಚು ಬಿಟ್ಟು, ಇರುವುದನ್ನು ಉಳಿಸಿಕೊಳ್ಳಲು ಮಾತ್ರ 'ಕ' ವರ್ಷಕ್ಕೆ ಎಷ್ಟು ಹಾಕುತ್ತಿದೆ ಎಂದು ಆಡಳಿತ ಮಂಡಳಿಯ ವರದಿಯಲ್ಲಿ ಸಾಮಾನ್ಯವಾಗಿ ಸುಳಿವು ಇರುತ್ತದೆ. ಜೊತೆಗೆ ಅಸಲಿನ ಕಂತು ಎಷ್ಟು ಎಂದೂ ಬೇಕು. ಬಡ್ಡಿ ಕವರೇಜ್ ಅಸಲನ್ನು ನೋಡುವುದೇ ಇಲ್ಲ.

ನವೀನ್

ನಿರ್ವಹಣೆಗೆ 55 ಕೋಟಿ ಎಂದು ಬರೆದಿದ್ದಾರೆ. ಮುಂದಿನ ಹನ್ನೆರಡು ತಿಂಗಳಲ್ಲಿ ತೀರಿಸಬೇಕಾದ ಅಸಲು 50 ಕೋಟಿ.

ಕ್ರೆಡಿಟ್‌ಡೆಸ್ಕ್

ಹಾಗಾದರೆ ಕಳೆಯುತ್ತಾ ಹೋಗಿ. 130ರಲ್ಲಿ ತೆರಿಗೆ ಸುಮಾರು 11 ಹೋಯಿತು, ನಿರ್ವಹಣೆಗೆ 55 ಹೋಯಿತು, ಬಡ್ಡಿ 35 ಹೋಯಿತು. ಉಳಿದದ್ದು 29. ಕಟ್ಟಬೇಕಾದ ಅಸಲು 50. ಕೊರತೆ 21 ಕೋಟಿ. ಸರಕಿನ ದಾಸ್ತಾನು ಮತ್ತು ಗ್ರಾಹಕರ ಬಾಕಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಹಣವನ್ನು ಇನ್ನೂ ಮುಟ್ಟಿಲ್ಲ. ಎಬಿಟ್ಡಾ ಕವರೇಜ್ 3.7 ಇರುವ ಕಂಪನಿ ಹಳೆಯ ಕಂತು ಕಟ್ಟಲು ಹೊಸ ಸಾಲ ಹುಡುಕಬೇಕಾದ ಸ್ಥಿತಿಯಲ್ಲಿದೆ.

ಮಾರಾಟ ಸ್ವಲ್ಪ ಬಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಇಲ್ಲಿಯೇ ಎರಡು ಕಂಪನಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು. ಮಾರಾಟದ ಜೊತೆ ಏರಿಳಿಯುವ ಖರ್ಚು, ಮಾರಾಟ ಏನೇ ಆದರೂ ಕದಲದ ಖರ್ಚು, ಇವೆರಡನ್ನು ಬೇರೆ ಮಾಡಬೇಕು. ವರದಿಯಲ್ಲಿ ಹೀಗೆ ಬಿಡಿಸಿ ಕೊಟ್ಟಿರುವುದಿಲ್ಲ. ಕಚ್ಚಾ ಸಾಮಗ್ರಿ, ಸಾಗಣೆ, ಮಾರಾಟದ ಕಮಿಷನ್ ಮೊದಲ ಗುಂಪಿಗೆ. ಸಂಬಳ, ಬಾಡಿಗೆ, ಸವಕಳಿ, ವಿಮೆ ಎರಡನೆಯದಕ್ಕೆ. ವಿದ್ಯುತ್ ಎರಡೂ ಕಡೆ ಹಂಚಬೇಕಾಗಬಹುದು. ಮಾರಾಟ ಕುಸಿದ ಹಳೆಯ ವರ್ಷವೊಂದು ಸಿಕ್ಕಿದರೆ ಆ ವರ್ಷ ಖರ್ಚು ಎಷ್ಟು ಇಳಿದಿತ್ತು ಎಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ನೀವು ಹಂಚಿದ ಅಂಕಿ ಕೊಡಿ.

ನವೀನ್

'ಕ': ಏರಿಳಿಯುವ ಖರ್ಚು 550, ಕದಲದ ಖರ್ಚು 380, ಲಾಭ 70. 'ಗ': ಏರಿಳಿಯುವ ಖರ್ಚು 700, ಕದಲದ ಖರ್ಚು 120, ಲಾಭ 180.

ಕ್ರೆಡಿಟ್‌ಡೆಸ್ಕ್

ಎರಡರ ಮಾರಾಟವೂ 8% ಬಿತ್ತು ಎಂದುಕೊಳ್ಳಿ, 920 ಆಯಿತು. 'ಕ' ಕಂಪನಿಯ ಏರಿಳಿಯುವ ಖರ್ಚು 506ಕ್ಕೆ ಇಳಿಯುತ್ತದೆ, ಉಳಿಯುವುದು 414. ಅದರಲ್ಲಿ 380 ಹೋದರೆ ಲಾಭ 34. ಕಟ್ಟಬೇಕಾದ ಬಡ್ಡಿ 35. ಕವರೇಜ್ 1ಕ್ಕಿಂತ ಕೆಳಗೆ ಹೋಯಿತು. ಮಾರಾಟ 8% ಬಿದ್ದರೆ ಲಾಭ ಅರ್ಧಕ್ಕಿಂತ ಹೆಚ್ಚು ಕರಗುತ್ತದೆ.

'ಗ' ಕಂಪನಿಯಲ್ಲಿ ಏರಿಳಿಯುವ ಖರ್ಚು 644 ಆಗುತ್ತದೆ, ಉಳಿಯುವುದು 276, ಕದಲದ 120 ಕಳೆದರೆ 156. ಬಡ್ಡಿ 30, ಕವರೇಜ್ 5.2. 'ಗ' ಕವರೇಜ್ 1ಕ್ಕೆ ಇಳಿಯಬೇಕಾದರೆ ಮಾರಾಟ ಅರ್ಧದಷ್ಟು ಬೀಳಬೇಕು.

ಆದ್ದರಿಂದ ಕವರೇಜ್ 3 ಸಾಕೇ, 2 ಸಾಕೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಿಯಂತ್ರಕರು ದರ ನಿಗದಿ ಮಾಡುವ, ವರ್ಷದಿಂದ ವರ್ಷಕ್ಕೆ ಆದಾಯ ಅಷ್ಟಾಗಿ ಅಲುಗಾಡದ ವಿದ್ಯುತ್ ಪ್ರಸರಣ ಕಂಪನಿ 2ರಲ್ಲೂ ನೆಮ್ಮದಿಯಾಗಿರಬಹುದು. ಉಕ್ಕು, ಸಕ್ಕರೆಯಂಥ ಬೆಲೆ ಏರಿಳಿತದ ಉದ್ಯಮದಲ್ಲಿ ಒಳ್ಳೆಯ ವರ್ಷದ 6 ಕೂಡ ಮುಂದಿನ ವರ್ಷ ಸಾಲದೇ ಹೋಗಬಹುದು. ಅಂಥ ಉದ್ಯಮಕ್ಕೆ ಒಂದು ವರ್ಷದ ಕವರೇಜ್ ಬೇಡ, ಏಳು-ಎಂಟು ವರ್ಷಗಳಲ್ಲಿ ಅತಿ ಕಡಿಮೆ ಯಾವುದು ಎಂದು ನೋಡಿ.

ಬಡ್ಡಿ ದರ ಏರಿದರೂ ಇದೇ ಪಾಡು. ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ 2023ರ ಜುಲೈ ನಡುವೆ ತನ್ನ ದರವನ್ನು ಸೊನ್ನೆಯ ಹತ್ತಿರದಿಂದ 5.25–5.50%ಕ್ಕೆ ಏರಿಸಿತು. ಬದಲಾಗುವ ದರದ ಸಾಲ ಮಾಡಿದ್ದ ಕಂಪನಿಗಳ ಕವರೇಜ್ ಒಂದು ರೂಪಾಯಿ ಹೊಸ ಸಾಲ ಮಾಡದೆಯೂ ಕುಸಿಯಿತು. 'ಕ' ಸಾಲವೂ ಬದಲಾಗುವ ದರದ್ದಾದರೆ, 2 ಶೇಕಡಾಂಶ ಏರಿದರೆ ಬಡ್ಡಿ 42 ಕೋಟಿ, ಕವರೇಜ್ 1.7ಕ್ಕೆ ಬರುತ್ತದೆ. ಇದ್ಯಾವುದೂ ಸಾಲ-ಇಕ್ವಿಟಿಯಲ್ಲಿ ಕಾಣುವುದಿಲ್ಲ, ಅದು 0.7ರಲ್ಲೇ ಕೂತಿರುತ್ತದೆ.

ವಸುಧಾ

ಆ 0.7 ಕೂಡ ಎಷ್ಟು ಗಟ್ಟಿ ಎಂದು ನೋಡಬೇಕು. ನವೀನ್, 'ಕ' ಕಂಪನಿಯ 500 ಕೋಟಿ ನಿಧಿಯಲ್ಲಿ ಮರುಮೌಲ್ಯಮಾಪನದ ಮೀಸಲು ಮತ್ತು ಗುಡ್‌ವಿಲ್ ಎಷ್ಟಿದೆ?

ನವೀನ್

ಜಮೀನು ಮತ್ತು ಕಟ್ಟಡದ ಮರುಮೌಲ್ಯಮಾಪನ ಮೀಸಲು 180. ಗುಡ್‌ವಿಲ್ 70.

ವಸುಧಾ

ಎರಡನ್ನೂ ತೆಗೆದರೆ ನಿಧಿ 250. ಅನುಪಾತ 1.4, ಅಂದರೆ ಎರಡು ಪಟ್ಟು. ಮರುಮೌಲ್ಯಮಾಪನದಿಂದ ಕಂಪನಿಗೆ ಒಂದು ಪೈಸೆ ನಗದು ಬಂದಿರುವುದಿಲ್ಲ, ಮೌಲ್ಯಮಾಪಕರ ವರದಿಯಿಂದ ನಿಧಿ ಬೆಳೆದಿರುತ್ತದೆ. ಗುಡ್‌ವಿಲ್ ಎಂದರೆ ಬೇರೆ ಕಂಪನಿ ಕೊಳ್ಳುವಾಗ ಆಸ್ತಿಗಳ ಮೌಲ್ಯಕ್ಕಿಂತ ಹೆಚ್ಚು ಕೊಟ್ಟ ಹಣ. ಸಂಕಷ್ಟ ಬಂದ ದಿನ ಮೊದಲು ಮಾಯವಾಗುವುದು ಅದೇ.

ಬ್ರಿಟನ್ನಿನ ಕ್ಯಾರಿಲಿಯನ್ ನೆನಪಿಸಿಕೊಳ್ಳಿ. 2018ರ ಜನವರಿ 15ರಂದು ಸಮಾಪನಕ್ಕೆ ಹೋದ ನಿರ್ಮಾಣ ಕಂಪನಿ ಅದು. 2016ರ ಲೆಕ್ಕಪತ್ರದಲ್ಲಿ ಅದರ ಷೇರುದಾರರ ನಿಧಿ ಸುಮಾರು 73 ಕೋಟಿ ಪೌಂಡ್, ಆಸ್ತಿಗಳ ಕಡೆ ಗುಡ್‌ವಿಲ್ ಒಂದೇ ಸುಮಾರು 157 ಕೋಟಿ ಪೌಂಡ್. ಗುಡ್‌ವಿಲ್ ತೆಗೆದರೆ ನಿಧಿ ಋಣಾತ್ಮಕ. ಸಾಲವನ್ನು ಯಾವುದರಿಂದ ಭಾಗಿಸಬೇಕು ಎಂಬ ಪ್ರಶ್ನೆಗೇ ಅರ್ಥವಿರಲಿಲ್ಲ.

ಇನ್ನು 'ಗ' ಕಡೆ ನೋಡಿ. ಆ 1.8 ಬೈಬ್ಯಾಕ್‌ನಿಂದ ಹುಟ್ಟಿದ್ದು. ಬೈಬ್ಯಾಕ್ ಮಾಡದೇ ಇದ್ದಿದ್ದರೆ ಸಾಲ 210, ನಿಧಿ 350, ಅನುಪಾತ 0.6 ಇರುತ್ತಿತ್ತು. ಇದರ ಅತಿಯಾದ ರೂಪ ಮೆಕ್‌ಡೊನಾಲ್ಡ್ಸ್. ಬೈಬ್ಯಾಕ್ ಮಾಡಿ ಮಾಡಿ 2016ರಿಂದ ಅದರ ಷೇರುದಾರರ ನಿಧಿ ಸೊನ್ನೆಗಿಂತ ಕೆಳಗಿದೆ. ಸಾಲ-ಇಕ್ವಿಟಿ ಋಣಾತ್ಮಕ ಬರುತ್ತದೆ, ಅದನ್ನು ಓದುವ ದಾರಿಯೇ ಇಲ್ಲ. ಆದರೂ ಬಡ್ಡಿ ಕಟ್ಟುವ ಶಕ್ತಿ ಚೆನ್ನಾಗಿಯೇ ಇದೆ. ನಿಧಿ ಕುಗ್ಗಿದ್ದು ನಷ್ಟದಿಂದಲೋ ಬೈಬ್ಯಾಕ್‌ನಿಂದಲೋ ಎಂದು ಬೇರೆ ಮಾಡದೆ ಈ ಅನುಪಾತವನ್ನು ಬಳಸಬಾರದು.

ಜಯಲಕ್ಷ್ಮಿ

ನಮ್ಮದು ಸಣ್ಣ ತಯಾರಿಕಾ ಘಟಕ. ಮೂವರು ನಿರ್ದೇಶಕರೂ ಕೈಯಿಂದ ಹಣ ಹಾಕಿದ್ದೇವೆ, ಲೆಕ್ಕದಲ್ಲಿ ಅದು 'ನಿರ್ದೇಶಕರಿಂದ ಸಾಲ' ಅಂತಿದೆ. ಬ್ಯಾಂಕಿನವರು ನಮ್ಮ ಸಾಲ-ಇಕ್ವಿಟಿ 4 ಎನ್ನುತ್ತಾರೆ. ನಮ್ಮದೇ ಹಣವನ್ನೂ ಸಾಲ ಎಂದು ಲೆಕ್ಕ ಹಿಡಿಯುವುದು ಸರಿಯೇ?

ಕ್ರೆಡಿಟ್‌ಡೆಸ್ಕ್

ಮೇಡಂ, ಅದು ಪತ್ರದ ಮೇಲೆ ನಿಂತಿದೆ. ಬ್ಯಾಂಕಿನ ಸಾಲ ಪೂರ್ತಿ ತೀರುವ ತನಕ ಈ ಹಣ ವಾಪಸ್ ಪಡೆಯುವುದಿಲ್ಲ, ಬ್ಯಾಂಕಿನ ನಂತರವೇ ನಮ್ಮ ಸರದಿ ಎಂದು ನೀವು ಮೂವರೂ ಬರೆದುಕೊಟ್ಟರೆ ಎಷ್ಟೋ ಬ್ಯಾಂಕುಗಳು ಅದನ್ನು ಬಂಡವಾಳದ ಜೊತೆ ಕೂಡಿಸುತ್ತವೆ. ಬರೆದುಕೊಡದಿದ್ದರೆ ಬೇಕೆಂದಾಗ ನೀವು ತೆಗೆದುಕೊಂಡು ಹೋಗಬಹುದು, ಹಾಗಾಗಿ ಸಾಲವೇ. ಬರೆದುಕೊಡುವ ಮೊದಲು ಯೋಚಿಸಿ, ಆಮೇಲೆ ತುರ್ತಿಗೆ ಆ ಹಣ ಸಿಗುವುದಿಲ್ಲ. ಇನ್ನೊಂದು ವಿಷಯ: ನೀವು ಆ ಹಣಕ್ಕೆ ಬಡ್ಡಿ ತೆಗೆದುಕೊಳ್ಳುತ್ತಿಲ್ಲವಾದರೆ ನಿಮ್ಮ ಬಡ್ಡಿ ಕವರೇಜ್ ತುಂಬಾ ಚೆನ್ನಾಗಿ ಕಾಣುತ್ತಿರುತ್ತದೆ. ಅದೇ ಮೊತ್ತ ಮುಂದೆ ಬ್ಯಾಂಕ್ ಸಾಲವಾಗಿ ಬದಲಾದರೆ ಕವರೇಜ್ ಎಷ್ಟಾಗುತ್ತದೆ ಎಂದು ಈಗಲೇ ಹಾಕಿ ನೋಡಿ.

ಶ್ರೀಧರ್

ಹಾಗಾದರೆ 'ಗ' ಸುರಕ್ಷಿತ, 'ಕ' ಅಪಾಯ ಎನ್ನುವ ತೀರ್ಮಾನಕ್ಕೆ ಬಂದ ಹಾಗಾಯಿತಲ್ಲ?

ಕ್ರೆಡಿಟ್‌ಡೆಸ್ಕ್

ಇನ್ನೂ ಇಲ್ಲ. 'ಗ' ಸಾಲ ಯಾವಾಗ ತೀರಬೇಕು ಎಂದು ಯಾರೂ ಕೇಳಿಲ್ಲ. ನವೀನ್, ದ್ರವ್ಯತೆಯ ಅಪಾಯದ ಟಿಪ್ಪಣಿಯಲ್ಲಿ ಒಂದು ಕೋಷ್ಟಕ ಇರುತ್ತದೆ, ಒಂದು ವರ್ಷದೊಳಗೆ ಎಷ್ಟು, ಒಂದರಿಂದ ಮೂರು ವರ್ಷದಲ್ಲಿ ಎಷ್ಟು ಎಂದು.

ನವೀನ್

360ರಲ್ಲಿ 300 ಕೋಟಿ ಒಂಬತ್ತು ತಿಂಗಳೊಳಗೆ ಬಾಕಿ ಬೀಳುತ್ತದೆ. ಎಲ್ಲ ಅಲ್ಪಾವಧಿ ಸಾಲಪತ್ರಗಳು. ನಗದು 20 ಕೋಟಿ. ವರ್ಷಕ್ಕೆ ತೆರಿಗೆ, ಬಡ್ಡಿ, ಬಂಡವಾಳ ವೆಚ್ಚ ಎಲ್ಲ ಕಳೆದು ಕೈಗೆ ಉಳಿಯುವುದು ಸುಮಾರು 100 ಕೋಟಿ.

ಕ್ರೆಡಿಟ್‌ಡೆಸ್ಕ್

ನೋಡಿ, ಕವರೇಜ್ 6 ಇರುವ ಕಂಪನಿಗೆ ಒಂಬತ್ತು ತಿಂಗಳಲ್ಲಿ 300 ಬೇಕು. ಕೈಯಲ್ಲಿರುವ 20, ಅಷ್ಟರಲ್ಲಿ ಬರುವ ಸುಮಾರು 75 ಸೇರಿದರೂ 200ಕ್ಕಿಂತ ಹೆಚ್ಚು ನವೀಕರಿಸಲೇಬೇಕು. ಮಾರುಕಟ್ಟೆ ಸಹಜವಾಗಿದ್ದರೆ ಇಷ್ಟು ಲಾಭದ ಕಂಪನಿಗೆ ಯಾರಾದರೂ ಕೊಡುತ್ತಾರೆ. 2008ರ ಸೆಪ್ಟೆಂಬರ್‌ನಲ್ಲಿ ಲೆಹ್ಮನ್ ಬ್ರದರ್ಸ್ ಮುಳುಗಿದ ಮೇಲೆ ಅಲ್ಪಾವಧಿ ಪತ್ರಗಳ ಮಾರುಕಟ್ಟೆ ಹೆಪ್ಪುಗಟ್ಟಿತು, ಆಗ ಚೆನ್ನಾಗಿ ನಡೆಯುತ್ತಿದ್ದ ಕಂಪನಿಗಳೂ ನವೀಕರಣಕ್ಕೆ ಪರದಾಡಿದವು. ದೀರ್ಘಾವಧಿಯ ಬೈಬ್ಯಾಕನ್ನು ಅಲ್ಪಾವಧಿ ಪತ್ರದಿಂದ ಮಾಡಿದ್ದು ನನಗೆ ಹಿಡಿಸದ ನಿರ್ಧಾರ. ಬ್ಯಾಂಕ್ ಬರೆದುಕೊಟ್ಟ, ಇನ್ನೂ ಬಳಸದ ಸಾಲದ ಮಿತಿ ಏನಾದರೂ ಇದೆಯೇ ಎಂದು ಹುಡುಕಿ. 200ರ ಮೇಲೆ ಇದ್ದರೆ ಈ ಚಿಂತೆ ಬಹಳ ಮಟ್ಟಿಗೆ ಇಳಿಯುತ್ತದೆ.

'ಕ' ಕಂಪನಿಯದು ದುಡಿಮೆ ಸಾಲದು ಎಂಬ ಅಪಾಯ. 'ಗ' ಕಂಪನಿಯದು ಗಡುವಿನ ಅಪಾಯ. ಎರಡನೆಯದನ್ನು ಒಂದು ದೀರ್ಘಾವಧಿ ಸಾಲದಿಂದ ಸರಿಪಡಿಸಬಹುದು. ಮೊದಲನೆಯದನ್ನು ಹಾಗೆ ಸರಿಪಡಿಸಲಾಗದು.

ವಸುಧಾ

ಸಾಲ ಎಂದು ಯಾವುದನ್ನು ಎಣಿಸಬೇಕು ಎಂಬುದೂ ಇನ್ನೂ ತೆರೆದಿದೆ. ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಜಾರಿಯಾದ 2019ರಿಂದ ಬಾಡಿಗೆ ಒಪ್ಪಂದಗಳ ಹೊಣೆ ಬ್ಯಾಲೆನ್ಸ್ ಶೀಟಿಗೆ ಬಂದಿದೆ, ಅದರ ಬಡ್ಡಿ ಹಣಕಾಸು ವೆಚ್ಚದಲ್ಲಿ ಸೇರಿದೆ. ಕೆಲವು ಜಾಲತಾಣಗಳು ಆ ಬಡ್ಡಿಯನ್ನು ಕವರೇಜ್‌ಗೆ ಹಿಡಿಯುತ್ತವೆ, ಆದರೆ ಹೊಣೆಯನ್ನು ಸಾಲಕ್ಕೆ ಸೇರಿಸುವುದಿಲ್ಲ. ಎರಡೂ ಕಡೆ ಹಿಡಿಯಬೇಕು, ಇಲ್ಲವೇ ಎರಡೂ ಕಡೆ ಬಿಡಬೇಕು. ನಾನು ಹಿಡಿಯುವ ಪಕ್ಷ.

ಕ್ರೆಡಿಟ್‌ಡೆಸ್ಕ್

ನಾನು ಎಲ್ಲ ಸಂದರ್ಭದಲ್ಲೂ ಒಪ್ಪುವುದಿಲ್ಲ. ಮೂರು ತಿಂಗಳ ನೋಟಿಸ್ ಕೊಟ್ಟು ಬಿಟ್ಟುಹೋಗಬಹುದಾದ ಮಳಿಗೆಯ ಬಾಡಿಗೆಯೂ, ಹದಿನೈದು ವರ್ಷ ಬಿಡಲಾಗದ ವಿಮಾನದ ಬಾಡಿಗೆಯೂ ಒಂದೇ ತೂಕದ್ದಲ್ಲ. ಎರಡು ಬಗೆಯಲ್ಲೂ ಲೆಕ್ಕ ಹಾಕಿ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳುವುದು ನನ್ನ ರೂಢಿ.

ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಾರದು. ಕ್ಯಾರಿಲಿಯನ್ ಪರವಾಗಿ ಬ್ಯಾಂಕುಗಳು ಸರಬರಾಜುದಾರರಿಗೆ ಮೊದಲೇ ಹಣ ಕೊಡುತ್ತಿದ್ದವು, ಕಂಪನಿ ಬ್ಯಾಂಕಿಗೆ ತಡವಾಗಿ ಕಟ್ಟುತ್ತಿತ್ತು. ಆ ಹೊಣೆ ಸಾಲದ ಸಾಲಿನಲ್ಲಿ ಇರಲಿಲ್ಲ, 'ಇತರರಿಗೆ ಕೊಡಬೇಕಾದ ಬಾಕಿ' ಎಂಬಲ್ಲಿ ಕೂತಿತ್ತು. ಅದು ಸುಮಾರು 50 ಕೋಟಿ ಪೌಂಡ್‌ವರೆಗೆ ಇತ್ತು ಎಂದು ರೇಟಿಂಗ್ ಸಂಸ್ಥೆ ಮೂಡೀಸ್ ಆಮೇಲೆ ಲೆಕ್ಕ ಹಾಕಿತು. ಇಂಥ ವ್ಯವಸ್ಥೆಗಳನ್ನು ಬಿಡಿಸಿ ಹೇಳಬೇಕೆಂಬ ಐಎಎಸ್ 7ರ ತಿದ್ದುಪಡಿ 2024ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಅನ್ವಯವಾಯಿತು. ಖರೀದಿ ಹೆಚ್ಚಾಗದೆ ಸರಬರಾಜುದಾರರ ಬಾಕಿ ಮಾತ್ರ ಉಬ್ಬುತ್ತಿದ್ದರೆ ಆ ಟಿಪ್ಪಣಿಯನ್ನು ಹುಡುಕಿ ಓದಿ.

ನವೀನ್

ಇನ್ನೊಂದು ಸಿಕ್ಕಿತು. 'ಕ' ಕಂಪನಿಯ ಸಾಲದ ಟಿಪ್ಪಣಿಯಲ್ಲಿ ಷರತ್ತು ಇದೆ: ಬಡ್ಡಿ ಕವರೇಜ್ 1.75ಕ್ಕಿಂತ ಕೆಳಗಿಳಿಯಬಾರದು, ಆರು ತಿಂಗಳಿಗೊಮ್ಮೆ ಪರೀಕ್ಷೆ. ಹೊಸ ಘಟಕ ನಾಲ್ಕು ತಿಂಗಳಲ್ಲಿ ಶುರುವಾಗುತ್ತದೆ ಎಂದಿದ್ದಾರೆ. ವಸುಧಾ ಮೇಡಂ ಹಾಕಿದ ಲೆಕ್ಕದಲ್ಲಿ ಆಗ 1.6.

ಶ್ರೀಧರ್

ಬ್ಯಾಂಕಿನವರು ವಿನಾಯಿತಿ ಕೊಡುತ್ತಾರೆ ಬಿಡಿ. ಘಟಕ ಈಗ ತಾನೇ ಶುರುವಾಗಿದೆ ಎಂದು ಅವರಿಗೂ ಗೊತ್ತಿರುತ್ತದೆ. ಸಾಲಗಾರನನ್ನು ಮುಳುಗಿಸಿ ಅವರಿಗೇನು ಲಾಭ?

ವಸುಧಾ

ಬಹುಶಃ ಕೊಡುತ್ತಾರೆ. ಆದರೆ ಯಾವ ದಿನ ಕೊಡುತ್ತಾರೆ ಎಂಬುದು ಮುಖ್ಯ. ವರ್ಷದ ಕೊನೆಯ ದಿನಕ್ಕೆ ಮೊದಲೇ ಷರತ್ತು ಮುರಿದು, ಬ್ಯಾಂಕ್ ಕೇಳಿದ ತಕ್ಷಣ ಸಾಲ ತೀರಿಸಬೇಕಾದ ಸ್ಥಿತಿ ಬಂದಿದ್ದರೆ, ಐಎಎಸ್ 1ರ ಪ್ರಕಾರ ಆ ಸಾಲವನ್ನು ಚಾಲ್ತಿ ಹೊಣೆಯಲ್ಲಿ, ಅಂದರೆ ಒಂದು ವರ್ಷದೊಳಗೆ ತೀರಿಸಬೇಕಾದದ್ದರಲ್ಲಿ ತೋರಿಸಬೇಕು. ವರ್ಷ ಮುಗಿದ ಮೇಲೆ, ಲೆಕ್ಕಪತ್ರಕ್ಕೆ ಸಹಿ ಬೀಳುವ ಮೊದಲು ವಿನಾಯಿತಿ ಪತ್ರ ಬಂದರೂ ವರ್ಗೀಕರಣ ಬದಲಾಗುವುದಿಲ್ಲ. ಬೇರೆ ಸಾಲದ ಒಪ್ಪಂದಗಳಲ್ಲೂ 'ಒಂದರಲ್ಲಿ ತಪ್ಪಿದರೆ ಎಲ್ಲದರಲ್ಲೂ ತಪ್ಪಿದ ಹಾಗೆ' ಎಂಬ ಷರತ್ತು ಇದ್ದರೆ ಅವೂ ಹಿಂದೆಯೇ ಬರುತ್ತವೆ. ವಿನಾಯಿತಿ ಪುಕ್ಕಟೆಯಾಗಿಯೂ ಸಿಗುವುದಿಲ್ಲ. ಶುಲ್ಕ ಕೇಳುತ್ತಾರೆ, ದರ ಏರಿಸುತ್ತಾರೆ, ಹೆಚ್ಚಿನ ಅಡಮಾನ ಕೇಳುತ್ತಾರೆ.

ಕ್ರೆಡಿಟ್‌ಡೆಸ್ಕ್

ಷರತ್ತಿನಲ್ಲಿ 'ಕವರೇಜ್' ಎಂದರೆ ಏನು ಎಂದು ಒಪ್ಪಂದದಲ್ಲಿ ಹೇಗೆ ಬರೆದಿದ್ದಾರೋ ಅದೇ ಅಂತಿಮ. ಇತರ ಆದಾಯ ಸೇರುತ್ತದೆಯೇ, ಆಸ್ತಿಗೆ ಸೇರಿಸಿದ ಬಡ್ಡಿ ಎಣಿಕೆಗೆ ಬರುತ್ತದೆಯೇ, ಸವಕಳಿ ಕಳೆಯುವ ಮೊದಲೋ ಆಮೇಲೋ. ಎಬಿಟ್ಡಾ ಮೇಲೆ ಲೆಕ್ಕವಾದರೆ 'ಕ' 3.7ರಲ್ಲಿದೆ, ಷರತ್ತು ಹತ್ತಿರವೂ ಸುಳಿಯುವುದಿಲ್ಲ. ಸವಕಳಿ ಕಳೆದ ಲಾಭದ ಮೇಲೆ ಆದರೆ ಘಟಕ ಶುರುವಾಗಿ ಎರಡನೇ ಪರೀಕ್ಷೆಯ ಹೊತ್ತಿಗೆ ಮುರಿಯುವ ಸಂಭವ ಹೆಚ್ಚು. ಸಾಲಪತ್ರಗಳನ್ನು ಸಾರ್ವಜನಿಕವಾಗಿ ಹೊರಡಿಸಿದ್ದರೆ ಅದರ ಮಾಹಿತಿ ಪತ್ರದಲ್ಲಿ ಈ ವ್ಯಾಖ್ಯೆ ಇರುತ್ತದೆ. ಬ್ಯಾಂಕ್ ಸಾಲ ಮಾತ್ರ ಆಗಿದ್ದರೆ ಷೇರುದಾರರ ಸಭೆಯಲ್ಲಿ ಕೇಳಬೇಕು. ನವೀನ್, 1.75ರ ಪಕ್ಕದಲ್ಲಿ ಅಡಿಟಿಪ್ಪಣಿ ಏನಾದರೂ ಇದೆಯೇ ನೋಡಿ.

ನವೀನ್

'ಒಪ್ಪಂದದಲ್ಲಿ ವ್ಯಾಖ್ಯಾನಿಸಿದಂತೆ' ಎಂದಷ್ಟೇ ಬರೆದಿದ್ದಾರೆ. ಸಭೆ ಮುಂದಿನ ತಿಂಗಳು ಇದೆ. ವ್ಯಾಖ್ಯೆ ಏನು, ಈಗಿನ ಲೆಕ್ಕ ಎಷ್ಟು, ಘಟಕ ಶುರುವಾದ ಮೇಲಿನ ಅಂದಾಜು ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಬರವಣಿಗೆಯಲ್ಲೇ ಕಳಿಸುತ್ತಿದ್ದೇನೆ. 'ಗ' ಕಂಪನಿಯವರಿಗೂ ಬಳಸದ ಸಾಲದ ಮಿತಿ ಎಷ್ಟು ಎಂದು ಕೇಳಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.